ಗೇಮಿನ ಲಿಕ್ಕರ್ ಮೃಗ ಬಂದಾಗ ನಾನು ಬಾಯಿ ಮುಚ್ಚುತ್ತೇನೆ

"ಅಣ್ಣಾ, ಗೇಮ್ ವಿಡಿಯೊಕ್ಕ ಕಾಮೆಂಟ್ರಿ ಬರೀಬೇಕಾದ್ರ ಎಲ್ಲಿ ಮಾತಾಡ್ಬೇಕು, ಎಲ್ಲಿ ಸುಮ್ನಿರಬೇಕು ಅಂತ ಹೆಂಗ ಗೊತ್ತಾಗ್ತದ?"

ನಾನು ಮೊದಲು ಸುಮ್ಮನಿರುವ ಜಾಗ ಹುಡುಕುತ್ತೇನೆ, ಮಾತು ಬರೆಯೋದು ಆಮೇಲೆ. ಆಡುವಾಗ ಮೈಕ್ ಆನ್ ಮಾಡುವುದೇ ಇಲ್ಲ. ರೆಕಾರ್ಡಿಂಗ್ ಮುಗಿದ ಮೇಲೆ ನೋಡುತ್ತಾ ಕೂತು, ಯಾವ ಸೆಕೆಂಡಿಗೆ ಏನಾಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಆಟದ ಸಪ್ಪಳವೇ ಕೇಳಬೇಕಾದ ಕಡೆ ಕೆಂಪು ಗೆರೆ ಎಳೆಯುತ್ತೇನೆ. ಆ ಗೆರೆಯೊಳಗೆ ಒಂದು "ಅಯ್ಯೋ" ಕೂಡ ಬರಂಗಿಲ್ಲ.

2019ರ ರೆಸಿಡೆಂಟ್ ಈವಿಲ್ 2 ಅನ್ನೋ ಭಯದ ಗೇಮ್ ತಗೊಳ್ಳಿ. ಪೊಲೀಸ್ ಠಾಣೆಯ ಕತ್ತಲೆ ಕಾರಿಡಾರಿನಲ್ಲಿ ಲಿಕ್ಕರ್ ಅನ್ನೋ ಭಯಂಕರ ಮೃಗ ಇರುತ್ತದೆ. ಅದಕ್ಕೆ ಕಣ್ಣು ಕಾಣೋದಿಲ್ಲ, ಕಿವಿ ಮಾತ್ರ ಭಾರಿ ಚುರುಕು. ಓಡಿದರೆ ಮೈಮೇಲೆ ಹಾರುತ್ತದೆ, ತಾಗದ ಹಾಗೆ ನಿಧಾನಕ್ಕೆ ನಡೆದರೆ ಪಕ್ಕದಲ್ಲೇ ದಾಟಬಹುದು. ಮೊದಲ ಸಲ ನಾನು ಇದನ್ನೆಲ್ಲ ಅದು ಪರದೆ ಮೇಲೆ ಬಂದಾಗಲೇ ಒದರಿದ್ದೆ. ಕೆಳಗೆ ಒಬ್ಬರು ಬರೆದರು: "ಅಣ್ಣಾರ, ನಿಮ್ಮ ಗದ್ದಲದಾಗ ಅದರ ಉಸಿರs ಕೇಳಸ್ಲಿಲ್ಲ." ಖರೇ ಮಾತು.

ಈಗ ಈ ಟಿಪ್ ಆ ಕಾರಿಡಾರಿನ ಬಾಗಿಲು ತೆರೆಯೋದಕ್ಕಿಂತ ಮುಂಚೆಯೇ ಬರುತ್ತದೆ. ನನ್ನ ಓದಿಗೆ 10 ಸೆಕೆಂಡಿಗೆ ಸುಮಾರು 20 ಪದ ಹಿಡಿಸುತ್ತವೆ. ಬಾಗಿಲು 4:20ಕ್ಕೆ ತೆರೆಯುತ್ತದೆ ಅಂದರೆ 4:10ಕ್ಕೆ ಶುರು: "ಒಳಗಿರೋದು ಕುರುಡು. ಓಡಬ್ಯಾಡ್ರಿ, ಗುಂಡು ಹಾರಿಸಬ್ಯಾಡ್ರಿ, ನಿಧಾನಕ ನಡೀರಿ. ನಾನೂ ಇನ್ನ ಮಾತಾಡಂಗಿಲ್ಲ." 4:17ಕ್ಕೆ ಮುಗಿಯಬೇಕು. ಆ ಕೊನೆಯ ಸಾಲೇ ಭಯ ಹುಟ್ಟಿಸೋದು. ಇಷ್ಟೊತ್ತು ವಟವಟ ಅಂದವನು ಗಪ್ ಆದ ಕೂಡಲೇ ನೋಡುವವರ ಕಿವಿ ತಾನಾಗಿ ನೆಟ್ಟಗಾಗುತ್ತದೆ.

ಉಳಿದ ಮೂರು ಸೆಕೆಂಡು ಸುಮ್ನೆ ಬಿಟ್ಟದ್ದಲ್ಲ. ಎಡಿಟಿಂಗಿನಲ್ಲಿ ನಮ್ಮ ದನಿ ಬಂದಾಗ ಆಟದ ಸದ್ದು ತಾನೇ ಇಳಿಯುವ ಹಾಗೆ ಇಟ್ಟಿರುತ್ತೇವಲ್ವಾ, ಅದನ್ನ ಡಕಿಂಗ್ ಅಂತಾರೆ. ಮಾತು ನಿಂತರೂ ಆ ಸದ್ದು ಥಟ್ಟನೆ ಏರೋದಿಲ್ಲ, ಮೆಲ್ಲಗೆ ಏರುತ್ತದೆ. ಬಾಗಿಲ ತನಕ ಮಾತಾಡಿದರೆ ಒಳಗಿನ ಮೊದಲ ಸಪ್ಪಳವೇ ಹೋಯ್ತು. ಹೆಡ್‌ಫೋನ್ ಹಾಕಿಕೊಂಡು, ಪರದೆ ನೋಡದೆ ಕೇಳಿ. ಬಾಗಿಲ ಕಿರ್ರ್ ಸದ್ದು ಅರ್ಧದಿಂದ ಶುರುವಾದಂಗೆ ಅನಿಸಿದರೆ ಮಾತನ್ನು ಇನ್ನೂ ಹಿಂದಕ್ಕೆ ಎಳೆಯಿರಿ, ಇಲ್ಲವಾದರೆ ಒಂದೆರಡು ಪದ ಕತ್ತರಿಸಿ.

ಲೈವ್ ಆಡುವವರಿಗೆ ಈ ಲೆಕ್ಕ ನಡೆಯೋದಿಲ್ಲ ಬಿಡಿ. ವಿಜಯಪುರದ ನಮ್ಮ ಓಣಿಯಲ್ಲಿ ರಾತ್ರಿ 11ರ ತನಕ ಬೈಕ್ ಸದ್ದು ಬೇರೆ, ಹಾಗಾಗಿ ನನಗೆ ಹೆಂಗಿದ್ದರೂ ದನಿ ಆಮೇಲೇ ಸೇರಿಸಬೇಕು.

ನಗಿಸೋ ಮಾತು ಯಾವತ್ತೂ ಆಚೆ ಬಾಗಿಲು ಮುಚ್ಚಿದ ಮೇಲೆ. ಅದೂ ಎರಡು ಸೆಕೆಂಡು ತಡೆದು, ಏಕೆಂದರೆ ನೋಡುವವರು ಇನ್ನೂ ಉಸಿರು ಬಿಟ್ಟಿರೋದಿಲ್ಲ. ಆ ವಿಡಿಯೊದಲ್ಲಿ ನಾನು ಇಟ್ಟದ್ದು ಇಷ್ಟೇ: "ಅಪ್ಪ ಮಧ್ಯಾಹ್ನ ಮಲಗಿದಾಗ ಶೇಂಗಾ ಹೋಳಿಗಿ ಡಬ್ಬಿ ತನಕ ಹಿಂಗs ಹೋಗಿ ಹಿಂಗs ಬರ್ತಿದ್ದೆ. ಮುಚ್ಚಳ ತಗಡಿಂದು. ಒಂದ್ಸಲನೂ ಬದುಕಿಲ್ಲ."