20 ಸುತ್ತು ಸಾಲದೇ ಹೋದ ಒಂದು ಸಾಲು

ಅನಿಲಗಳ ಗುಣಗಳನ್ನು ಲೆಕ್ಕ ಹಾಕುವ ಒಂದು ಮಾಡ್ಯೂಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒತ್ತಡ, ಉಷ್ಣತೆ ಕೊಟ್ಟರೆ Z ಎಂಬ ಒಂದು ಸಂಖ್ಯೆ ಹೇಳಬೇಕು. ಅನಿಲ ಆದರ್ಶ ಅನಿಲದಿಂದ ಎಷ್ಟು ದೂರ ಇದೆ ಅನ್ನುವುದರ ಅಳತೆ ಅದು. ಆದರ್ಶ ಅನಿಲಕ್ಕೆ Z = 1. ಕೊನೆಗೆ ಬಳಸಬೇಕಾದದ್ದು ಪೆಂಗ್–ರಾಬಿನ್ಸನ್ ಸಮೀಕರಣ. ಆದರೆ ಮೊದಲು 1873ರ ಹಳೇ ವಾನ್ ಡರ್ ವಾಲ್ಸ್ ಸಮೀಕರಣದಲ್ಲೇ ಪರೀಕ್ಷೆ ಮಾಡೋಣ ಅಂತ ಶುರು ಮಾಡಿದೆ. ಅದರಲ್ಲಿ ಉತ್ತರಗಳನ್ನು ಕೈಲೆಕ್ಕದಲ್ಲೇ ಸರಿನೋಡಬಹುದು.

ಎರಡೂ ಕೊನೆಗೆ Z ಮೇಲಿನ ಒಂದು ಘನ ಸಮೀಕರಣವಾಗುತ್ತವೆ. ಅದನ್ನು ಬಿಡಿಸಲು ನ್ಯೂಟನ್ ವಿಧಾನ ಹಾಕಿದೆ. ಒಂದು ಊಹೆಯಿಂದ ಶುರು ಮಾಡಿ, ಅಲ್ಲಿ ಗ್ರಾಫಿಗೆ ಸ್ಪರ್ಶರೇಖೆ ಎಳೆದು, ಆ ರೇಖೆ ಸೊನ್ನೆಯನ್ನು ಮುಟ್ಟುವ ಜಾಗವನ್ನೇ ಮುಂದಿನ ಊಹೆ ಮಾಡಿಕೊಳ್ಳುವುದು. ಶುರುವಿನ ಊಹೆ Z = 1. ಹೆಜ್ಜೆ 10⁻⁸ಕ್ಕಿಂತ ಚಿಕ್ಕದಾದರೆ ನಿಲ್ಲಿಸು, 20 ಸುತ್ತು ದಾಟಿದರೆ ಎರರ್ ಕೊಡು ಅಂತ ಬರೆದೆ. ನನ್ನ ಲೆಕ್ಕದಲ್ಲಿ 20 ಅಂದರೆ ಧಾರಾಳ.

ಧಾರಾಳ ಯಾಕೆ ಅಂದರೆ, ಪರೀಕ್ಷೆಯ ಟೇಬಲ್‌ನಲ್ಲಿ ಉಷ್ಣತೆ ಕ್ರಿಟಿಕಲ್ ಉಷ್ಣತೆಯ ಎರಡರಷ್ಟು, ಒತ್ತಡ ಸರಿಯಾಗಿ ಕ್ರಿಟಿಕಲ್ ಒತ್ತಡದಷ್ಟು ಇರುವ ಸಾಲನ್ನು ನೋಡಿ. ದ್ರವ, ಅನಿಲ ಎಂಬ ಭೇದವೇ ಅಳಿಸಿಹೋಗುವ ಬಿಂದುವಿನ ಉಷ್ಣತೆ, ಒತ್ತಡಗಳೇ ಈ ಕ್ರಿಟಿಕಲ್ ಬೆಲೆಗಳು. ಆ ಸಾಲಿನ ಉತ್ತರ ಸುಮಾರು 0.95977. ನಮ್ಮ ಊಹೆಯ ತಪ್ಪು ಶುರುವಿನಲ್ಲಿ 0.04. ಒಂದು ಹೆಜ್ಜೆ ಆದ ಮೇಲೆ 0.003. ಇನ್ನೊಂದಕ್ಕೆ 0.00002. ಮತ್ತೊಂದಕ್ಕೆ 0.000000001. ಸರಿಯಾದ ಅಂಕಿಗಳು ಪ್ರತಿ ಸಲ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತಿವೆ. ಮೂಲದ ಹತ್ತಿರ ಹೊಸ ತಪ್ಪು ಹಳೇ ತಪ್ಪಿನ ವರ್ಗದ ಅನುಪಾತದಲ್ಲಿ ಕುಗ್ಗುತ್ತದೆ, ಅದಕ್ಕೇ ಹೀಗೆ. ಸೂತ್ರದಲ್ಲಿ ಬರೆದರೆ ಹೊಸ ತಪ್ಪು ≈ f″/(2f′) × e². ಇಲ್ಲಿ e ಹಳೇ ತಪ್ಪು, f ಆ ಘನ ಸಮೀಕರಣದ ಎಡಬದಿ, f′, f″ ಅದರ ಮೊದಲ, ಎರಡನೇ ಅವಕಲನಗಳು. ಈ ಸಾಲಿನಲ್ಲಿ ಆ ಗುಣಕ ಸುಮಾರು 2.2. ಬೇಕಾದರೆ 0.003ರ ವರ್ಗಕ್ಕೆ ಗುಣಿಸಿ ನೋಡಿ, 0.00002 ಬಂದೇ ಬರುತ್ತದೆ.

ಆದರೆ ಟೇಬಲ್ ಓಡಿಸಿದಾಗ ಒಂದು ಸಾಲು ಮಾತ್ರ ಎರರ್ ಕೊಟ್ಟು ನಿಂತಿತು. ಉಷ್ಣತೆ, ಒತ್ತಡ ಎರಡೂ ಸರಿಯಾಗಿ ಕ್ರಿಟಿಕಲ್ ಬಿಂದುವಿನಲ್ಲಿದ್ದ ಸಾಲು ಅದು. ನಾನು ಮಾಡಿದ ಮೊದಲ ಕೆಲಸವೇ ತಪ್ಪು. 20 ಇದ್ದದ್ದನ್ನು 100 ಮಾಡಿದೆ. ಎರರ್ ಹೋಯಿತು, ಏನೋ ಒಂದು ಉತ್ತರವೂ ಬಂತು. ಕೈಲೆಕ್ಕದಲ್ಲಿ ಉತ್ತರ ಖಚಿತವಾಗಿ 0.375. ಕಂಪ್ಯೂಟರ್ ಕೊಟ್ಟದ್ದನ್ನು ಐದಾರನೇ ದಶಮಾಂಶದ ಆಚೆಗೆ ನಂಬುವ ಹಾಗಿರಲಿಲ್ಲ. ಪಕ್ಕದ ಸಾಲುಗಳೆಲ್ಲ ಹದಿನೈದು ಅಂಕಿವರೆಗೂ ಸರಿ ಇದ್ದವು.

ನಮ್ಮ ಟೀಮಿನ ಹಿರಿಯ ಇಂಜಿನಿಯರ್ ಒಬ್ಬರಿಗೆ ತೋರಿಸಿದೆ. ಕೋಡ್ ಕಡೆ ಅವರು ನೋಡಲೇ ಇಲ್ಲ. "ಹೆಜ್ಜೆಗಳನ್ನು ಪ್ರಿಂಟ್ ಮಾಡಿದ್ರಾ?" ಅಂದರು. "ಇಲ್ಲ ಮೇಡಂ" ಅಂದೆ. "ಮಾಡಿ. ಒಂದು ಹೆಜ್ಜೆಯನ್ನು ಅದರ ಹಿಂದಿನದರಿಂದ ಭಾಗಿಸಿ, ಆಮೇಲೆ ಬನ್ನಿ."

```python
z = 1.0
for i in range(12):
    f = z**3 - 1.125*z**2 + 0.421875*z - 0.052734375
    d = 3*z**2 - 2.25*z + 0.421875
    step = f/d
    z -= step
    print(i+1, z, step)
```

ಹೆಜ್ಜೆಗಳು 0.2083, 0.1389, 0.0926, 0.0617 ಹೀಗೆ ಬಂದವು. ಭಾಗಿಸಿದರೆ ಪ್ರತಿ ಸಲ 0.667. ಅಂದರೆ ಮೂರರಲ್ಲಿ ಎರಡು ಪಾಲು, ಒಂದೇ ಸಮನೆ. ದುಪ್ಪಟ್ಟಾಗುವ ಮಾತೇ ಇಲ್ಲ.

ಕಾರಣ ತಿಳಿದದ್ದು ಸಮೀಕರಣವನ್ನು ಬಿಡಿಸಿ ಬರೆದಾಗ. ಆ ಸಾಲಿನಲ್ಲಿ ಅದು ಬರೀ (Z − 0.375)³ = 0. ಒಂದೇ ಮೂಲ ಮೂರು ಸಲ. ಮೂಲದಿಂದ e ದೂರದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಗ್ರಾಫಿನ ಎತ್ತರ e³, ಇಳಿಜಾರು 3e². ಎತ್ತರವನ್ನು ಇಳಿಜಾರಿನಿಂದ ಭಾಗಿಸಿದರೆ ಹೆಜ್ಜೆ e/3. ಅಂದರೆ ಎಷ್ಟೇ ಹತ್ತಿರ ಹೋದರೂ ಉಳಿದ ದಾರಿಯ ಮೂರನೇ ಒಂದು ಪಾಲು ಮಾತ್ರ ನಡೆಯುತ್ತೀರಿ. ಮೂಲದ ಹತ್ತಿರ ಗ್ರಾಫ್ ಅಷ್ಟು ಚಪ್ಪಟೆ. ಮೊದಲು ಹೇಳಿದ ಸೂತ್ರದಲ್ಲಿ ಛೇದದಲ್ಲಿದ್ದ f′ ಮೂಲದಲ್ಲೇ ಸೊನ್ನೆಯಾಗಿಬಿಡುತ್ತದೆ, ಹಾಗಾಗಿ ಆ ಸೂತ್ರವೇ ಇಲ್ಲಿ ನಿಲ್ಲುವುದಿಲ್ಲ. ಮೂಲ ಎರಡು ಸಲ ಬಂದರೆ ಇದೇ ಲೆಕ್ಕದಲ್ಲಿ ಅರ್ಧ ಉಳಿಯುತ್ತದೆ, m ಸಲ ಬಂದರೆ 1 − 1/m ಪಾಲು.

20 ಸುತ್ತಿಗೆ ತಪ್ಪು ಇನ್ನೂ 0.0002ರ ಹತ್ತಿರ ಇತ್ತು. 10⁻⁶ ಮುಟ್ಟಲು 33 ಸುತ್ತು ಬೇಕು. ಅಷ್ಟು ಹತ್ತಿರ ಹೋದರೆ ಇನ್ನೊಂದು ತೊಂದರೆ ಕಾದಿರುತ್ತದೆ. ಅಲ್ಲಿ f ಬೆಲೆ 10⁻¹⁸ರಷ್ಟು. 0.05, 0.15ರಂಥ ಸಂಖ್ಯೆಗಳನ್ನು ಕೂಡಿ ಕಳೆದು ಬರುವ ಉತ್ತರ ಅದು, ಕಂಪ್ಯೂಟರಿನ ದುಂಡಿಕೆ ತಪ್ಪೇ 10⁻¹⁷ರಷ್ಟಿರುತ್ತದೆ. ಅಂದರೆ f ಅನ್ನುವುದು ಅಲ್ಲಿ ಬರೀ ಕಸ. ನನ್ನ 100 ಸುತ್ತು ಆ ಕಸದಲ್ಲಿ ಓಡಾಡಿ ಬಂದಿತ್ತು.

ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಇನ್ನೊಂದು ವಿಷಯ. |f| < 10⁻¹⁰ ಆದರೆ ನಿಲ್ಲಿಸು ಅಂತ ಬರೆದಿದ್ದರೆ 18ನೇ ಸುತ್ತಿಗೆ ಯಾವ ಎರರ್ ಇಲ್ಲದೆ ನಿಲ್ಲುತ್ತಿತ್ತು, ಉತ್ತರ 0.3754. f ಇಷ್ಟು ಚಿಕ್ಕದು ಅಂತ ನೋಡಿ ನಾವು ಒಪ್ಪಿಕೊಂಡುಬಿಡುತ್ತಿದ್ದೆವು, ಅಲ್ವಾ? ನಾಲ್ಕನೇ ಅಂಕಿಯಲ್ಲೇ ತಪ್ಪಿದೆ.

ಮತ್ತೆ ಮೇಡಂ ಹತ್ತಿರ ಹೋದಾಗ ಅವರು ಬೋರ್ಡ್ ಮೇಲೆ ಒತ್ತಡ–ಗಾತ್ರದ ಗ್ರಾಫ್ ಬರೆದರು. ಕ್ರಿಟಿಕಲ್ ಬಿಂದು ಅಂದರೇನೇ ಆ ಗೆರೆ ಮಟ್ಟಸವಾಗಿ ಮಲಗುವ ಜಾಗ. ಅಲ್ಲಿ ಅದರ ಮೊದಲ ಅವಕಲನವೂ ಸೊನ್ನೆ, ಎರಡನೆಯದೂ ಸೊನ್ನೆ. ನನ್ನ ಮೂರು ಸಲದ ಮೂಲ ಬೇರೇನೂ ಅಲ್ಲ, ಅದೇ ಮಾತು. ಈ ಸಮೀಕರಣದ ಪ್ರಕಾರ ಕ್ರಿಟಿಕಲ್ ಉಷ್ಣತೆಯಲ್ಲಿ ಒತ್ತಡ 0.1% ಏರಿಸಿದರೆ ಗಾತ್ರ ಸುಮಾರು 8% ಕುಗ್ಗುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ಆ ಜಾಗ ಸುಮಾರು 31 ಡಿಗ್ರಿ ಸೆಲ್ಸಿಯಸ್, 74 ಬಾರ್. ಅಲ್ಲಿ ಅನಿಲವೇ ಅಷ್ಟು ಸೂಕ್ಷ್ಮ. Zನ ಹದಿನೈದು ಅಂಕಿ ಕೇಳುವುದರಲ್ಲಿ ಅರ್ಥ ಇರಲಿಲ್ಲ.

ಹೆಜ್ಜೆಯನ್ನು ಮೂರರಿಂದ ಗುಣಿಸಿದರೆ ಈ ಸಾಲು ಒಂದೇ ಹೆಜ್ಜೆಗೆ ಮುಗಿಯುತ್ತದೆ. ಮಾಡಿಯೂ ನೋಡಿದೆ. ಆದರೆ ಮಾಮೂಲಿ ಸಾಲುಗಳಲ್ಲಿ ತಪ್ಪು e ಇದ್ದದ್ದು −2e ಆಗಿ ಉತ್ತರದಿಂದ ದೂರ ಓಡುತ್ತದೆ. ಬಿಂದುವಿಗೆ ತೀರಾ ಹತ್ತಿರದ ಸಾಲುಗಳಲ್ಲಂತೂ ಮೂಲಗಳು ಅಕ್ಕಪಕ್ಕ ಗುಂಪಾಗಿರುತ್ತವೆ. ದೂರದಿಂದ ಅವು ಒಂದೇ ಥರ ಕಾಣುತ್ತವೆ, ಮೊದಲ ಕೆಲವು ಹೆಜ್ಜೆಗಳ ಅನುಪಾತ 2/3ರ ಹತ್ತಿರ ಬರುತ್ತದೆ, ಆಮೇಲೆ ವೇಗ ಹಿಡಿಯುತ್ತದೆ. ಎಲ್ಲಿ ಮೂರರಿಂದ ಗುಣಿಸಬೇಕು, ಎಲ್ಲಿ ಬಿಡಬೇಕು ಅಂತ ಮೊದಲೇ ಹೇಳುವ ಹಾಗಿಲ್ಲ.

ಕೊನೆಗೆ ನ್ಯೂಟನ್ ವಿಧಾನವನ್ನು ಮುಖ್ಯ ಕೆಲಸದಿಂದ ತೆಗೆದೆ. ಘನ ಸಮೀಕರಣಕ್ಕೆ ನೇರ ಸೂತ್ರ ಇದೆಯಲ್ಲ. ಮೊದಲು Zನಿಂದ (1 + B)/3 ಕಳೆದು ವರ್ಗದ ಪದವನ್ನು ಇಲ್ಲವಾಗಿಸಿದೆ. ಇಲ್ಲಿ B ಅನ್ನುವುದು ಒತ್ತಡ, ಉಷ್ಣತೆಯಿಂದ ಬರುವ ಅಂಕಿ, ಕ್ರಿಟಿಕಲ್ ಬಿಂದುವಿನಲ್ಲಿ ಅದು 1/8. ಹೀಗೆ ಕಳೆದ ಮೇಲೆ t³ + pt + q = 0 ಉಳಿಯುತ್ತದೆ. ಆ ಸಾಲಿನಲ್ಲಿ p, q ಎರಡೂ ಸೊನ್ನೆ, ಉತ್ತರ 0.375 ಹಾಗೇ ಸಿಗುತ್ತದೆ. ನೇರ ಸೂತ್ರದ ಉತ್ತರವನ್ನು ತಿದ್ದಲು ಕೊನೆಗೆ ನ್ಯೂಟನ್‌ನ ಒಂದು ಹೆಜ್ಜೆ ಇದೆ, ಅದೂ f′ ತೀರಾ ಚಿಕ್ಕದಿಲ್ಲದಿದ್ದರೆ ಮಾತ್ರ. ಪೆಂಗ್–ರಾಬಿನ್ಸನ್‌ಗೆ ಹೋದಾಗಲೂ ಇದೇ ಕೋಡ್ ನಡೆಯಿತು, ಕಳೆಯುವುದು ಮಾತ್ರ (1 − B)/3. ಅಲ್ಲಿ ಮೂರು ಸಲದ ಮೂಲ 0.307ರ ಹತ್ತಿರ. ಆ ಸಾಲಿನ ಟೆಸ್ಟ್‌ನಲ್ಲಿ ಟಾಲರೆನ್ಸ್ 10⁻⁵ ಇಟ್ಟಿದ್ದೇನೆ, ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದೇನೆ.