ಇಎಫ್ 60 ಇದ್ದರೂ ಏದುಸಿರು ಏಕೆ? ಒಂದು ಎಕೋ ರಿಪೋರ್ಟ್ ಓದಿದ ಮಧ್ಯಾಹ್ನ

ಪೆರ್ಲದ ಆಚೆ ಕಡೆಯ ಅಡಿಕೆ ಕೃಷಿಕರು ಭಟ್ರು, ವಯಸ್ಸು 62. ಮಂಗಳೂರಿನಲ್ಲಿ ಮಾಡಿಸಿದ ಹೃದಯದ ಎಕೋ ರಿಪೋರ್ಟ್ ಹಿಡಿದು ಮಗನ ಜೊತೆ ಬಂದಿದ್ದರು. ಕೊನೆಯ ಪುಟದ ಎರಡು ಸಾಲುಗಳ ಕೆಳಗೆ ಮಗ ಪೆನ್ನಿನಲ್ಲಿ ಗೆರೆ ಎಳೆದಿದ್ದ. ಒಂದು, ‘ಗುಡ್ ಎಲ್‌ವಿ ಸಿಸ್ಟಾಲಿಕ್ ಫಂಕ್ಷನ್, ಎಲ್‌ವಿಇಎಫ್ 60%’. ಇನ್ನೊಂದು, ‘ಸಿವಿಯರ್ ಎಂಆರ್’.

“ಒಂದು ಸಾಲಲ್ಲಿ ಗುಡ್ ಅಂತ ಉಂಟು, ಅದರ ಕೆಳಗೆಯೇ ಸಿವಿಯರ್ ಅಂತ ಉಂಟು. ಯಾವುದನ್ನು ನಂಬುವುದು ಡಾಕ್ಟ್ರೇ?” ಮಗ ಕೇಳಿದ.

ಅಪ್ಪನಿಗೆ ಚಿಂತೆ ಬೇರೆಯೇ. “ನೂರರಲ್ಲಿ ಅರುವತ್ತು ಅಂದರೆ ನಲುವತ್ತು ಹಾಳಾಗಿದೆ ಅಂತಲ್ವಾ?”

ಅಲ್ಲ. ಇಎಫ್ ನೂರು ಯಾರಿಗೂ ಇರುವುದಿಲ್ಲ. ಎಡ ಹೃತ್ಕುಕ್ಷಿ ತುಂಬಿದಾಗ ಎಷ್ಟು ರಕ್ತ ಇರುತ್ತದೋ ಅದರಲ್ಲಿ ಶೇಕಡಾ ಎಷ್ಟು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎನ್ನುವುದೇ ಇಎಫ್. ಆರೋಗ್ಯವಂತ ಗಂಡಸರಲ್ಲಿ ಅದು 52ರಿಂದ 72, ಹೆಂಗಸರಲ್ಲಿ 54ರಿಂದ 74. ಉಳಿದ ರಕ್ತ ಒಳಗೇ ಇರಬೇಕಾದದ್ದೇ. 40 ಮತ್ತು ಅದಕ್ಕಿಂತ ಕೆಳಗೆ ಹೋದರೆ ಹೃದಯದ ಸ್ನಾಯು ನಿಜವಾಗಿ ಸೋತಿದೆ ಎಂದು ಅರ್ಥ. ಆ ಲೆಕ್ಕದಲ್ಲಿ ಇವರ 60 ಒಳ್ಳೆಯದೇ. ಆದರೆ ಭಟ್ರಿಗೆ ಮಳೆಗಾಲ ಮುಗಿಯುವ ಹೊತ್ತಿನಿಂದ ತೋಟದಿಂದ ಮನೆಗೆ ಗುಡ್ಡ ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ರಾತ್ರಿ ತಲೆಯ ಕೆಳಗೆ ಮೂರು ದಿಂಬು. ಅದಕ್ಕೆ ಉತ್ತರ ಇದ್ದದ್ದು ಎರಡನೇ ಸಾಲಿನಲ್ಲಿ.

ರಿಪೋರ್ಟಿನ ಅಂಕಿಗಳನ್ನು ಬಿಳಿ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದೆವು. ಹೃತ್ಕುಕ್ಷಿ ತುಂಬಿದಾಗ 180 ಮಿ.ಲೀ. ಹಿಂಡಿದ ಮೇಲೆ ಉಳಿದದ್ದು 72. ಹಾಗಾದರೆ ಹೊರಗೆ ಹೋದದ್ದು 108. 180ಕ್ಕೆ 108 ಅಂದರೆ ಶೇಕಡಾ 60. ಲೆಕ್ಕ ಸರಿಯಾಗಿದೆ. ಈಗ ಕೇಳಬೇಕಾದದ್ದು, ಆ 108 ಎಲ್ಲಿಗೆ ಹೋಯಿತು?

ಇಎಫ್ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಕುಕ್ಷಿ ಎಷ್ಟು ಖಾಲಿಯಾಯಿತು ಎಂದಷ್ಟೇ ಅದು ನೋಡುತ್ತದೆ. ರಕ್ತ ಮುಂದೆ ಮಹಾಪಧಮನಿಗೆ ಹೋಯಿತೋ, ಹಿಂದೆ ಹೃತ್ಕರ್ಣಕ್ಕೆ ನುಗ್ಗಿತೋ ಅದಕ್ಕೆ ಲೆಕ್ಕವಿಲ್ಲ. ಮುಂದಕ್ಕೆ ಹೋದದ್ದನ್ನು ಎಕೋದಲ್ಲಿ ಬೇರೆಯಾಗಿ ಅಳೆಯಬಹುದು. ಮಹಾಪಧಮನಿಯ ಕವಾಟದ ಕೆಳಗಿನ ದಾರಿಯ ಅಗಲ ಇವರಲ್ಲಿ 2 ಸೆಂ.ಮೀ., ಅಂದರೆ ವಿಸ್ತೀರ್ಣ 3.14 ಚದರ ಸೆಂ.ಮೀ. ಒಂದು ಬಡಿತಕ್ಕೆ ಅಲ್ಲಿ ರಕ್ತ ಸಾಗಿದ ದೂರವನ್ನು ಡಾಪ್ಲರ್ 15.3 ಸೆಂ.ಮೀ. ಎಂದು ತೋರಿಸಿತ್ತು. ಎರಡನ್ನು ಗುಣಿಸಿದರೆ 48 ಮಿ.ಲೀ. ಮೈಗೆ ಸಿಗುತ್ತಿದ್ದುದು ಇಷ್ಟೇ. ಮಿಕ್ಕ 60 ಮಿ.ಲೀ. ಮೈಟ್ರಲ್ ಕವಾಟದ ಸಂದಿಯಿಂದ ಹಿಂದಕ್ಕೆ ಹೋಗುತ್ತಿತ್ತು. ಎಂಆರ್, ಅಂದರೆ ಮೈಟ್ರಲ್ ರಿಗರ್ಜಿಟೇಶನ್, ಎಂದರೆ ಇದೇ ಸೋರಿಕೆ. ಒಂದು ಬಡಿತಕ್ಕೆ 60 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು, ಅಥವಾ ಹೊರಬಿದ್ದ ರಕ್ತದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹಿಂದಕ್ಕೆ ಹೋದರೆ ಅದನ್ನು ಸಿವಿಯರ್ ಎನ್ನುತ್ತಾರೆ. ಇವರದ್ದು ಎರಡರಲ್ಲೂ ಗೆರೆ ದಾಟಿತ್ತು.

ಭಟ್ರು ಹಾಳೆಯನ್ನು ಹತ್ತಿರ ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದರು. “ಪಂಪಿನ ಡೆಲಿವರಿ ಪೈಪು ಬಾವಿ ಬಾಯಿಯ ಹತ್ತಿರವೇ ಒಡೆದ ಹಾಗೆ. ಮೋಟಾರಿನ ಶಬ್ದ ಸರಿಯೇ ಇರ್ತದೆ, ಅರ್ಧ ನೀರು ಬಾವಿಗೇ ಬೀಳ್ತದೆ, ಮೇಲಿನ ತೋಟಕ್ಕೆ ನೀರಿಲ್ಲ.” ಅದಕ್ಕಿಂತ ಚೆನ್ನಾಗಿ ಹೇಳುವ ಅಗತ್ಯ ಬೀಳಲಿಲ್ಲ.

ಸೋರಿಕೆ ಇರುವಾಗ ಇಎಫ್ ಇನ್ನೂ ಹೆಚ್ಚಾಗಿ ಕಾಣುವುದಕ್ಕೆ ಕಾರಣ ಉಂಟು. ಹೃತ್ಕರ್ಣದಲ್ಲಿ ಒತ್ತಡ ಕಡಿಮೆ. ಅತ್ತ ತಳ್ಳುವುದು ಮಹಾಪಧಮನಿಗೆ ತಳ್ಳುವುದಕ್ಕಿಂತ ಎಷ್ಟೋ ಸುಲಭ. ಹಾಗಾಗಿ ದಣಿದ ಸ್ನಾಯುವೂ ಕುಕ್ಷಿಯನ್ನು ಚೆನ್ನಾಗಿ ಖಾಲಿ ಮಾಡುತ್ತದೆ. ಈ ಕಾಯಿಲೆಯಲ್ಲಿ 65, 70 ಇರುವುದು ಸಾಮಾನ್ಯ. 60ಕ್ಕೆ ಬಂದರೆ ಸ್ನಾಯು ಸೋಲಲು ಶುರು ಮಾಡಿದೆ ಎಂದೇ ಓದಬೇಕು. ತೀವ್ರ ಸೋರಿಕೆ ಇದ್ದು ಏದುಸಿರೇ ಇಲ್ಲದವರಲ್ಲಿಯೂ ಇಎಫ್ 60 ಅಥವಾ ಅದಕ್ಕಿಂತ ಕಡಿಮೆಯಾದರೆ, ಇಲ್ಲವೇ ಹಿಂಡಿದ ಮೇಲಿನ ಕುಕ್ಷಿಯ ಅಗಲ 40 ಮಿ.ಮೀ. ಮುಟ್ಟಿದರೆ, ಆಪರೇಷನ್ನಿನ ಮಾತು ತೆಗೆಯಬೇಕೆಂದು ನಿಯಮ ಇರುವುದು ಇದಕ್ಕೇ. ಭಟ್ರದ್ದು 39 ಮಿ.ಮೀ., ಜೊತೆಗೆ ಏದುಸಿರು ಬೇರೆ. ‘ಗುಡ್’ ಎಂದು ಬರೆದದ್ದು ತಪ್ಪಲ್ಲ, ಆದರೆ ಸಿವಿಯರ್ ಎಂಆರ್‌ನ ಪಕ್ಕದಲ್ಲಿ ಆ ಪದ ರೋಗಿಯ ದಾರಿ ತಪ್ಪಿಸುತ್ತದೆ.

ಕವಾಟ ಏಕೆ ಸೋರುತ್ತಿದೆ ಎನ್ನುವುದು ರಿಪೋರ್ಟಿನ ಮೊದಲ ಪುಟದಲ್ಲಿತ್ತು. ಮಗ ಅಲ್ಲಿಗೆ ಗೆರೆ ಎಳೆದಿರಲಿಲ್ಲ. ‘ಫ್ಲೇಲ್ ಪಿ2’. ಮೈಟ್ರಲ್ ಕವಾಟಕ್ಕೆ ಎರಡು ಎಸಳು. ಅವು ಹಿಂದಕ್ಕೆ ಮಗುಚದ ಹಾಗೆ ಕಾರ್ಡೆ ಎನ್ನುವ ತೆಳು ಎಳೆಗಳು ಕೆಳಗಿನಿಂದ ಹಿಡಿದಿರುತ್ತವೆ. ಹಿಂದಿನ ಎಸಳಿನ ನಡುಭಾಗವೇ ಪಿ2. ಅಲ್ಲಿನ ಎಳೆ ತುಂಡಾಗಿ, ಎಸಳಿನ ತುದಿ ಪ್ರತಿ ಬಡಿತಕ್ಕೂ ಹೃತ್ಕರ್ಣದ ಕಡೆಗೆ ಮಗುಚುತ್ತಿತ್ತು. ಏದುಸಿರು ವರ್ಷಗಟ್ಟಲೆ ನಿಧಾನಕ್ಕೆ ಬರದೆ ಕೆಲವು ವಾರಗಳಲ್ಲೇ ಹೆಚ್ಚಾದದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಇದರಲ್ಲಿ ಕೆಟ್ಟದ್ದು ಕವಾಟವೇ. ಇಎಫ್ 30 ಇದ್ದು ಕುಕ್ಷಿ ಹಿಗ್ಗಿ, ಎಸಳುಗಳು ಒಂದನ್ನೊಂದು ಮುಟ್ಟಲಾಗದೆ ಸೋರುವುದು ಬೇರೆ ಕಾಯಿಲೆ. ಅಲ್ಲಿ ಕೆಟ್ಟದ್ದು ಸ್ನಾಯು, ಮೊದಲ ಚಿಕಿತ್ಸೆ ಮಾತ್ರೆ. ಎರಡೂ ರಿಪೋರ್ಟಿನಲ್ಲಿ ‘ಎಂಆರ್’ ಎಂದೇ ಇರುತ್ತದೆ. ಆದ್ದರಿಂದ ಆ ಪದದ ಆಚೀಚೆ ಕಾರಣ ಬರೆದಿದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಕೇಳಬೇಕು.

ಆಗ ಮಗ ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದ. ಮೂರು ವಾರ ಹಿಂದೆ ಬೇರೆ ಕಡೆ ಮಾಡಿಸಿದ ಎಕೋ. ಅದರಲ್ಲಿ ‘ಮಾಡರೇಟ್ ಎಂಆರ್, ಇಎಫ್ 66%’. “ಇಷ್ಟು ಬೇಗ ಹಾಳಾಯ್ತಾ?”

ಇಲ್ಲ ಎನ್ನಲು ಸಾಕಷ್ಟು ಕಾರಣಗಳಿದ್ದವು. ಇಎಫ್‌ನಲ್ಲಿ ಐದಾರು ಅಂಕದ ವ್ಯತ್ಯಾಸ ಅಳೆಯುವವರ ಕೈಯದ್ದೂ ಇರಬಹುದು. ಹಳೆಯ ರಿಪೋರ್ಟಿನಲ್ಲಿ ಎಂ-ಮೋಡ್ ಎಂದಿತ್ತು. ಅದರಲ್ಲಿ ಕುಕ್ಷಿಯ ಒಂದೇ ಅಡ್ಡಗೆರೆಯ ಅಗಲ ತೆಗೆದು ಉಳಿದದ್ದನ್ನು ಸೂತ್ರದಿಂದ ಊಹಿಸುತ್ತಾರೆ. ಗೆರೆ ಸ್ವಲ್ಪ ಓರೆಯಾದರೂ ಅಂಕಿ ಬದಲಾಗುತ್ತದೆ. ಹೊಸದರಲ್ಲಿ ಸಿಂಪ್ಸನ್ ವಿಧಾನ: ಹೃದಯದ ತುದಿಯ ಕಡೆಯಿಂದ ಎರಡು ನೋಟಗಳಲ್ಲಿ ಕುಕ್ಷಿಯ ಒಳ ಅಂಚನ್ನು ಕೈಯಲ್ಲಿ ಎಳೆದು ಪರಿಮಾಣ ತೆಗೆಯುವುದು. ಇದನ್ನೇ ಹೆಚ್ಚು ನಂಬಬಹುದು. ಆದರೆ ಇಲ್ಲಿಯೂ ಅಂಚು ಮಸುಕಾಗಿದ್ದರೆ ಅಥವಾ ಪ್ರೋಬ್ ಸರಿಯಾದ ತುದಿಗೆ ಸಿಗದಿದ್ದರೆ ಕುಕ್ಷಿ ಗಿಡ್ಡವಾಗಿ ಕಂಡು ಲೆಕ್ಕ ತಪ್ಪುತ್ತದೆ.

ಸೋರಿಕೆಯ ವಿಷಯದಲ್ಲಿ ಮೋಸ ಇನ್ನೂ ಸೂಕ್ಷ್ಮ. ಹಿಂದಿನ ಎಸಳು ಮಗುಚಿದಾಗ ಧಾರೆ ನೇರ ನಡುವೆ ಹೋಗದೆ ಮುಂದಿನ ಗೋಡೆಗೆ ತಾಗಿ, ಅದಕ್ಕೆ ಅಂಟಿಕೊಂಡು ತೆಳ್ಳಗೆ ಹರಿಯುತ್ತದೆ. ಕಲರ್ ಡಾಪ್ಲರಿನಲ್ಲಿ ಬಣ್ಣದ ಜಾಗ ಚಿಕ್ಕದಾಗಿ ಕಾಣುತ್ತದೆ. ಬಣ್ಣವನ್ನಷ್ಟೇ ನೋಡಿ ಹೇಳಿದರೆ ತೀವ್ರ ಸೋರಿಕೆ ಮಾಡರೇಟ್ ಆಗಿಬಿಡುತ್ತದೆ. ಹೊಸ ರಿಪೋರ್ಟಿನಲ್ಲಿ ಸಂದಿಯ ಅಳತೆಯನ್ನೇ ಪೀಸಾ ವಿಧಾನದಲ್ಲಿ ತೆಗೆದಿದ್ದರು: 0.40 ಚದರ ಸೆಂ.ಮೀ., ಸೋರಿದ್ದು 60 ಮಿ.ಲೀ. ನಾವು ಕಳೆದು ತೆಗೆದ ಅಂಕಿಯೂ ಅದೇ. ಎರಡು ದಾರಿಯ ಲೆಕ್ಕ ಇಷ್ಟು ಸರಿಯಾಗಿ ಕೂಡುವುದು ಅಪರೂಪ, ಹತ್ತು ಮಿ.ಲೀ. ಆಚೀಚೆ ಇದ್ದರೂ ಒಪ್ಪಬಹುದು. ಒಂದು ಸಿವಿಯರ್, ಇನ್ನೊಂದು ಮೈಲ್ಡ್ ಎಂದು ಬಂದರೆ ಮಾತ್ರ ಮತ್ತೊಮ್ಮೆ ನೋಡಬೇಕು.

ಮತ್ತೊಂದು, ಪರೀಕ್ಷೆಯ ಹೊತ್ತಿನ ಬಿಪಿ. ಬಿಪಿ 170 ಇದ್ದಾಗ ಮುಂದಿನ ದಾರಿ ಬಿಗಿಯಾಗಿ ಸೋರಿಕೆ ಹೆಚ್ಚು ಕಾಣುತ್ತದೆ. ನೀರಿಳಿಸುವ ಮಾತ್ರೆ ನುಂಗಿ ಬಿಪಿ 110ಕ್ಕೆ ಇಳಿದಾಗ ಕಡಿಮೆ ಕಾಣುತ್ತದೆ. ಹಳೆಯ ರಿಪೋರ್ಟಿನಲ್ಲಿ ಬಿಪಿ ಬರೆದೇ ಇರಲಿಲ್ಲ. ಎಕೋ ಕೋಣೆಯಲ್ಲಿ ಎಡ ಮಗ್ಗುಲಿಗೆ ಮಲಗಿಸಿ ಜೆಲ್ ಹಚ್ಚುವ ಮೊದಲು ಬಿಪಿ ನೋಡಿ ರಿಪೋರ್ಟಿನಲ್ಲಿ ಬರೆಯಿರಿ ಎಂದು ರೋಗಿಯೇ ಕೇಳಬಹುದು. ಒಂದು ನಿಮಿಷದ ಕೆಲಸ.

ಉಳಿದ ಸಾಲುಗಳನ್ನು ಬೇಗ ಮುಗಿಸಿದೆವು. ಎಡ ಹೃತ್ಕರ್ಣ 46 ಮಿ.ಮೀ.: ಹಿಗ್ಗಿದೆ, ಹಿಂದೆ ಬಂದ ರಕ್ತಕ್ಕೆ ಜಾಗ ಮಾಡಿಕೊಂಡಿದೆ. ಆರ್‌ವಿಎಸ್‌ಪಿ, ಅಂದರೆ ಬಲ ಹೃತ್ಕುಕ್ಷಿ ಹಿಂಡುವಾಗಿನ ಒತ್ತಡ, 49: ಸುಮಾರು 35ರ ಒಳಗಿರಬೇಕಿತ್ತು. ಹೃತ್ಕರ್ಣದ ಒತ್ತಡ ಶ್ವಾಸಕೋಶದ ರಕ್ತನಾಳಗಳಿಗೆ ಹಿಂದಕ್ಕೆ ಏರಿದೆ. ಮಲಗಿದರೆ ಉಸಿರು ಕಟ್ಟುವುದು ಇದರಿಂದ. ‘ಟ್ರಿವಿಯಲ್ ಟಿಆರ್’, ಅಂದರೆ ಬಲಗಡೆಯ ಟ್ರೈಕಸ್ಪಿಡ್ ಕವಾಟದ ತೀರಾ ಸಣ್ಣ ಸೋರಿಕೆ, ಆರೋಗ್ಯವಂತರಲ್ಲಿಯೂ ಕಾಣುತ್ತದೆ, ಬಿಟ್ಟುಬಿಡಬಹುದು. ‘ನೋ ಕ್ಲಾಟ್/ಪಿಇ’ ನೋಡಿ ಮಗ ಗೂಗಲ್ ಮಾಡಿ ಹೆದರಿದ್ದ. ಎಕೋ ರಿಪೋರ್ಟಿನಲ್ಲಿ ಪಿಇ ಎಂದರೆ ಹೃದಯದ ಸುತ್ತ ನೀರು ತುಂಬುವುದು. ಅದು ಇಲ್ಲ ಎಂದೇ ಬರೆದದ್ದು.

“ಮಾತ್ರೆಯಲ್ಲಿ ಗುಣ ಆಗ್ಲಿಕ್ಕಿಲ್ವಾ?” ಭಟ್ರು ಕೇಳಿದರು. ಬೆಳಿಗ್ಗೆ ಒಂದು ಫ್ಯೂರೋಸಮೈಡ್ 40 ಮಿ.ಗ್ರಾಂ. ಶುರು ಮಾಡಿದ್ದರಿಂದ ಮೂರು ದಿಂಬು ಒಂದಕ್ಕೆ ಇಳಿದಿತ್ತು. ಅದು ಶ್ವಾಸಕೋಶದ ನೀರು ಇಳಿಸುತ್ತದೆ, ತುಂಡಾದ ಎಳೆಯನ್ನು ಕಟ್ಟುವುದಿಲ್ಲ. ಮುಂದಿನ ಹೆಜ್ಜೆ ಟಿಇಇ: ಅನ್ನನಾಳದಿಂದ ಪ್ರೋಬ್ ಇಳಿಸಿ ಕವಾಟವನ್ನು ಹಿಂದಿನಿಂದ ಹತ್ತಿರದಲ್ಲಿ ನೋಡುವುದು. ಅದಕ್ಕೆ ಖಾಲಿ ಹೊಟ್ಟೆ ಬೇಕು. ಸಾಮಾನ್ಯ ಎಕೋಗೆ ಬೇಡ. ಈ ವಯಸ್ಸಿಗೆ ಆಂಜಿಯೋಗ್ರಾಮ್ ಕೂಡ. ಪಿ2 ಒಂದೇ ಜಾಗದಲ್ಲಿ ತೊಂದರೆ ಇದ್ದರೆ ಕವಾಟ ಬದಲಿಸದೆ ರಿಪೇರಿ ಮಾಡಲು ಸಾಧ್ಯವಾಗುವುದು ಹೆಚ್ಚು. ಆದ್ದರಿಂದ ಸರ್ಜನ್ ಹತ್ತಿರ ಮೊದಲು ಕೇಳಬೇಕಾದದ್ದು ‘ರಿಪೇರಿ ಆಗ್ತದಾ, ನೀವು ಎಷ್ಟು ರಿಪೇರಿ ಮಾಡಿದ್ದೀರಿ’ ಎಂದು. ಆ ನಡುವೆ ಎದೆ ತಾಳ ತಪ್ಪಿ ಬಡಿದುಕೊಂಡರೆ, ಕೂತರೂ ಉಸಿರು ಸಿಗದಿದ್ದರೆ, ನಸುಗೆಂಪು ನೊರೆ ಕಫ ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಸೀದಾ ಎಮರ್ಜೆನ್ಸಿಗೆ.

ಏಳುವ ಮೊದಲು ಹಾಳೆಯ ಕೆಳಗೆ ಇನ್ನೊಂದು ಲೆಕ್ಕ ಬರೆದುಕೊಟ್ಟೆವು, ಮುಂದೆ ಗಾಬರಿಯಾಗದಿರಲಿ ಎಂದು. ರಿಪೇರಿಯಾದ ಮೇಲೆ ಸುಲಭದ ಹಿಂದಾರಿ ಮುಚ್ಚುತ್ತದೆ, ಕುಕ್ಷಿ ಸಣ್ಣದಾಗುತ್ತದೆ, ಇಎಫ್ ಇಳಿಯುತ್ತದೆ. ಉದಾಹರಣೆಗೆ 130 ಮಿ.ಲೀ. ತುಂಬಿ 65 ಹೊರಗೆ ಹೋದರೆ ರಿಪೋರ್ಟಿನಲ್ಲಿ 50% ಎಂದು ಬರುತ್ತದೆ. ಆದರೆ ಆ 65 ಪೂರ್ತಿ ಮೈಗೆ ಸಿಗುತ್ತದೆ. ಇವತ್ತು ಸಿಗುತ್ತಿರುವುದು 48. ಮಗ ಆ ಎರಡು ಅಂಕಿಗಳಿಗೆ ಸುತ್ತು ಹಾಕಿ, ಹಾಳೆಯನ್ನು ರಿಪೋರ್ಟಿನ ಮೊದಲ ಪುಟಕ್ಕೆ ಪಿನ್ ಹೊಡೆದ.