ಖಂಡ ನಡೆಯ ಎರಡನೇ ‘ತ’

ಊರಿನ ದೇವಸ್ಥಾನದ ನವರಾತ್ರಿ ಕಚೇರಿಯಲ್ಲಿ ಅಕ್ಕನ ಮಗನದ್ದು ಮೊದಲ ತನಿ ಆವರ್ತನ, ಹಾಡು ನಿಂತು ಮೃದಂಗದ ನುಡಿತಕ್ಕೇ ಬಿಟ್ಟುಕೊಡುವ ಹೊತ್ತು. ಅಭ್ಯಾಸಕ್ಕೆಂದು ಮೃದಂಗ ಹಿಡಿದುಕೊಂಡು ನೀರ್ಚಾಲಿನ ನಮ್ಮ ಮನೆಗೆ ಬಂದಿದ್ದ. ಜಗಲಿಯಲ್ಲಿ ಎದುರುಬದುರು ಕೂತು ನಾನು ಆದಿತಾಳ ಹಾಕಿದೆ, ಅವನು ನುಡಿಸಿದ.

ಚತುರಶ್ರ ನಡೆ ಚೆನ್ನಾಗಿತ್ತು. ತಿಶ್ರಕ್ಕೆ ತಿರುಗಿದ್ದೂ ಸಲೀಸು. ತಾಳದ ಎಂಟು ಅಕ್ಷರ ಹಾಗೆಯೇ ಇರುತ್ತದೆ, ಕೈಯ ವೇಗವೂ ಅದೇ. ಒಂದೊಂದು ಅಕ್ಷರದೊಳಗೆ ‘ತಕಧಿಮಿ’ಯ ನಾಲ್ಕು ಮಾತ್ರೆ ಇದ್ದ ಕಡೆ ‘ತಕಿಟ’ದ ಮೂರು ಬರುತ್ತದೆ, ಅಷ್ಟೆ. ಅಷ್ಟಕ್ಕೇ ತಾಳ ತೂಗಾಡತೊಡಗುತ್ತದೆ. ಖಂಡಕ್ಕೆ, ಅಂದರೆ ‘ತಕತಕಿಟ’ದ ಐದಕ್ಕೆ ಬಂದಾಗ ಮಾತ್ರ ಏನೋ ಕುಂಟಿದಂತೆ ಕೇಳಿಸಿತು.

“ಯಾಕೆ ಮಾವ, ಸಮಕ್ಕೆ ಸರಿಯಾಗಿಯೇ ಬರುತ್ತಾ ಉಂಟಲ್ಲ?” ಅಂದ.

ತಾಳದ ಆವರ್ತ ಶುರುವಾಗುವ ಸಮಕ್ಕೆ ಬರುತ್ತಿತ್ತು, ಸುಳ್ಳಲ್ಲ. ಪ್ರತಿ ಪೆಟ್ಟಿಗೂ ಮೊದಲ ‘ತ’ ಸರಿಯಾಗಿ ಕೂರುತ್ತಿತ್ತು. ಅದರಿಂದಲೇ ಈ ದೋಷ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುವುದು. ತೊಂದರೆ ಇದ್ದದ್ದು ಒಳಗಿನ ಎರಡನೇ ‘ತ’ದಲ್ಲಿ. ಚತುರಶ್ರದಲ್ಲಿ ‘ಧಿ’ ಬೀಳುವುದು ಅಕ್ಷರದ ನಟ್ಟನಡುವೆ. ಆ ನಡುವನ್ನೇ ಹುಡುಕಿ ರೂಢಿಯಾದ ಕೈ ಖಂಡದಲ್ಲೂ ಅದನ್ನೇ ಹುಡುಕುತ್ತದೆ. ಆದರೆ ಐದರಲ್ಲಿ ನಡುವಿಗೆ ಯಾವ ಮಾತ್ರೆಯೂ ಇಲ್ಲ. ಎರಡನೇ ‘ತ’ ಅರ್ಧಕ್ಕಿಂತ ಸ್ವಲ್ಪ ಮೊದಲೇ ಬಂದುಬಿಡಬೇಕು. ಅದನ್ನು ಅರ್ಧಕ್ಕೆ ತಳ್ಳಿದರೆ ‘ತಕ’ ಎಳೆದುಕೊಳ್ಳುತ್ತದೆ, ‘ತಕಿಟ’ ಉಳಿದ ಅರ್ಧದಲ್ಲಿ ಒತ್ತರಿಸಿಕೊಂಡು ಓಡುತ್ತದೆ. ಐದೂ ಸಮನಾಗಿಲ್ಲದಿದ್ದರೆ ಅದು ಖಂಡವಲ್ಲ.

ಮೊಬೈಲಿನ ಮೆಟ್ರೋನೋಮಿನಲ್ಲಿ ನಿಮಿಷಕ್ಕೆ 200 ಇಟ್ಟೆ. ಐದು ಟಿಕ್‌ಗೆ ಒಂದು ಪೆಟ್ಟು, ಹಾಗಾಗಿ ತಾಳ ನಿಮಿಷಕ್ಕೆ 40. ಮೃದಂಗ ಬದಿಗಿಟ್ಟು ಬಾಯಲ್ಲಿ ಮಾತ್ರ ಹೇಳಲು ಹೇಳಿದೆ. ಎರಡನೇ ‘ತ’ ಟಿಕ್ ದಾಟಿ ಬೀಳುತ್ತಿರುವುದು ಅವನಿಗೇ ಕೇಳಿಸಿತು. ಆಮೇಲೆ ಎರಡು ಪೆಟ್ಟಿನ ಹತ್ತು ಮಾತ್ರೆಗಳನ್ನು ಐದು ‘ತಕ’ಗಳಾಗಿ ಹೇಳಿಸಿದೆ: ತಕ ತಕ ತಕ ತಕ ತಕ. ಹೀಗೆ ಹೇಳುವಾಗ ಎರಡನೇ ಪೆಟ್ಟು ಮೂರನೇ ‘ತಕ’ದ ‘ಕ’ದ ಮೇಲೆ ಬೀಳುತ್ತದೆ. ಮಾತ್ರೆಗಳು ಸಮನಾಗಿಲ್ಲದಿದ್ದರೆ ಅದು ಅಲ್ಲಿ ಬೀಳುವುದೇ ಇಲ್ಲ, ಮುಚ್ಚಿಡಲು ಜಾಗವಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಯಕ್ಷಗಾನದ ತ್ರಿವುಡೆಯ ಏಳು ಚಿಕ್ಕಂದಿನಿಂದಲೇ ಕಿವಿಗೆ ಬಿದ್ದಿರುತ್ತದೆ. ಆದರೆ ಅಲ್ಲಿ ಏಳನ್ನು ತಾಳವೇ ತೋರಿಸಿಕೊಡುತ್ತದೆ. ನಡೆಯಲ್ಲಿ ಕೈ ಏನನ್ನೂ ತೋರಿಸುವುದಿಲ್ಲ, ಒಳಗಿನ ಲೆಕ್ಕ ಪೂರ್ತಿ ನಮ್ಮದೇ.

ಮಧ್ಯಾಹ್ನದ ಹೊತ್ತಿಗೆ ಐದು ಸಮವಾಯಿತು. ಆಗ ನನಗೆ ಬಹಳ ಇಷ್ಟದ ಒಂದು ಪ್ರಯೋಗ ಮಾಡಿಸಿದೆ. ‘ತಧಿಗಿಣತೊಂ’ ಎಂಬ ಐದು ಸೊಲ್ಲಿನ ಜತಿಯನ್ನು ಬಿಡುವಿಲ್ಲದೆ ಮೂರು ಸಲ ನುಡಿಸಿ ಸಮಕ್ಕೆ ಸೇರಬೇಕು. ಒಟ್ಟು 15 ಮಾತ್ರೆ. ಖಂಡದಲ್ಲಿ ಅದು ಸರಿಯಾಗಿ ಮೂರು ಅಕ್ಷರ. ಆದಿತಾಳವೆಂದರೆ ನಾಲ್ಕೆಣಿಕೆಯ ಲಘು, ಆಮೇಲೆ ಒಂದು ಪೆಟ್ಟು ಮತ್ತು ಅಂಗೈ ಮಗುಚುವ ಒಂದು ಹುಸಿ ಇರುವ ದ್ರುತ ಎರಡು. ಮೊದಲ ದ್ರುತದ ಹುಸಿಯಲ್ಲಿ ಎತ್ತಿಕೊಂಡರೆ ಮೂರು ಸಲವೂ ‘ತ’ವೇ ತಾಳದ ಮೇಲೆ ಕೂರುತ್ತದೆ. ಗಟ್ಟಿ ನೆಲ, ಆದರೆ ಅಚ್ಚರಿಯಿಲ್ಲ. ಚತುರಶ್ರದಲ್ಲಿ ಮೊದಲ ದ್ರುತದ ಪೆಟ್ಟಾಗಿ ಒಂದು ಮಾತ್ರೆ ಬಿಟ್ಟು ಎತ್ತಿಕೊಳ್ಳಬೇಕು.

ತಿಶ್ರದಲ್ಲಿ ಅದೇ 15 ಮಾತ್ರೆ ಐದು ಅಕ್ಷರಕ್ಕೆ ಹಬ್ಬುತ್ತದೆ. ಲಘುವಿನ ಕೊನೆಯ ಎಣಿಕೆ, ಮಧ್ಯಬೆರಳಿನಲ್ಲಿ ಶುರು. ಅಲ್ಲಿಂದ ಸಮದವರೆಗೆ ತಾಳ ಬೀಳುವುದು ಕ್ರಮವಾಗಿ ತ, ಣ, ಧಿ, ತೊಂ, ಗಿ ಇವುಗಳ ಮೇಲೆ. ಐದು ಸೊಲ್ಲಿಗೂ ಒಂದೊಂದು ಸಲ ತಾಳ ಸಿಗುತ್ತದೆ, ಯಾವುದಕ್ಕೂ ಎರಡು ಸಲ ಇಲ್ಲ. ಕೇಳುವವನಿಗೆ ಜತಿ ಒಂದೇ, ಆದರೆ ಪ್ರತಿ ಪೆಟ್ಟಿಗೂ ಮುಖ ಬದಲಾದಂತೆ ಅನಿಸುತ್ತದೆ.

ಹುಡುಗ ಇದನ್ನು ಕೈಬೆರಳಲ್ಲಿ ಎಣಿಸಿ ನೋಡಿ, “ಮಾವ, ಖಂಡದಲ್ಲಿ ಬೇಡ, ತಿಶ್ರದಲ್ಲೇ ಇದನ್ನು ಇಡುತ್ತೇನೆ” ಅಂದ. ಇಡು ಮಾರಾಯ, ಆದರೆ ತಿಶ್ರಕ್ಕೆ ಹೋದ ಕೂಡಲೇ ಅಲ್ಲ ಅಂದೆ. ಬರಿಯ ‘ತಕಿಟ’ದಲ್ಲಿ ನಾಲ್ಕಾರು ಆವರ್ತ ನಿಲ್ಲಬೇಕು. ಸಭೆಯಲ್ಲಿ ತಾಳ ಹಾಕುವವರ ಮೈಗೆ ಮೂರು ಹತ್ತದಿದ್ದರೆ ಅದರ ಮೇಲೆ ಐದನ್ನು ಓಡಿಸಿದ್ದು ಯಾರಿಗೂ ತಿಳಿಯುವುದಿಲ್ಲ. ಕೃತಿ ಹಾಡುತ್ತಿರುವಾಗ ಅದರ ಅಡಿಯಲ್ಲಿ ಖಂಡ ತುರುಕುವುದು ನನಗೆ ಒಪ್ಪಿಗೆಯೇ ಇಲ್ಲ. ನಾಲ್ಕರಲ್ಲಿ ಹೆಣೆದ ಸಾಹಿತ್ಯದ ಎಡೆಗಳು ಅದರೊಂದಿಗೆ ಗುದ್ದಾಡುತ್ತವೆ. ತನಿಯಲ್ಲಿ ಅದಕ್ಕೆ ಬೇಕಾದಷ್ಟು ಜಾಗ ಉಂಟು.